ಎಡಿಸನ್ ಚಿಕ್ಕಮ್ಮನಿಗೆ ಸರಿಯಾಗಿ ಹನ್ನೆರಡಕ್ಕೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನಗೊಬ್ಬರು ಚಿಕ್ಕಮ್ಮ ಇದ್ದಾರೆ. ಸ್ವಂತ ಚಿಕ್ಕಮ್ಮ ಅಲ್ಲ, ಅಮ್ಮನ ದೊಡ್ಡಮ್ಮನ ಮಗಳು. ಮಾತಾಡೋದು ವರ್ಷಕ್ಕೆ ಎರಡು ಮೂರು ಸಲ. ಆದರೆ ನವೆಂಬರ್ 12ರ ಹುಟ್ಟುಹಬ್ಬಕ್ಕೆ ವಿಷ್ ಮಾಡದಿದ್ದರೆ ಮುಂದಿನ ಮದುವೆ ಮನೆಯಲ್ಲಿ ಎಲ್ಲರೆದುರು ಆ ಮಾತು ಬಂದೇ ಬರುತ್ತದೆ.

ಎರಡು ವರ್ಷದ ಹಿಂದೆ ಜಾಣತನ ಮಾಡಲು ಹೋದೆ. ಅವರಿಗೆ ಅರವತ್ತು ತುಂಬುವ ವರ್ಷ ಅದು. ಅವರ ಊರಿನ ನಡುರಾತ್ರಿಗೆ ಸರಿಯಾಗಿ ತಾನೇ ಹೋಗುವ ಹಾಗೆ ಅಕ್ಟೋಬರಿನಲ್ಲೇ ಟೆಲಿಗ್ರಾಂನಲ್ಲಿ ಶುಭಾಶಯ ಇಟ್ಟುಬಿಟ್ಟೆ. ಮೆಸೇಜ್ ಹೋಯಿತು, ಉತ್ತರವೂ ಬಂತು: ‘ಇನ್ನೊಂದು ಗಂಟೆ ತಡೆಯೋ, ಐವತ್ತೊಂಬತ್ತರಲ್ಲೇ ಇರ್ತೀನಿ.’ ಅಲ್ಲಿ ಆಗ 11ನೇ ತಾರೀಕಿನ ರಾತ್ರಿ ಹನ್ನೊಂದು ಗಂಟೆ! ಎಲ್ಲಿ ತಪ್ಪಿದೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ವಾಟ್ಸ್ಆ್ಯಪ್ ಬಿಟ್ಟು ಟೆಲಿಗ್ರಾಂ ಯಾಕೆ? ವಾಟ್ಸ್ಆ್ಯಪ್‌ನಲ್ಲಿ ಈ ಕೆಲಸಕ್ಕೆ ಜನ ಬಹಳ ಕಾಲದಿಂದ ಬೇರೆ ಯಾವುದೋ ಆ್ಯಪ್ ಹಾಕಿಕೊಳ್ಳುತ್ತಿದ್ದಾರೆ. ಅಂಥ ಆ್ಯಪ್‌ಗಳು ಸಾಮಾನ್ಯವಾಗಿ ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕೊಟ್ಟರೆ ನಿಮ್ಮ ಸ್ಕ್ರೀನ್ ಓದುತ್ತವೆ, ನಿಮ್ಮ ಬದಲು ಬಟನ್ ಒತ್ತುತ್ತವೆ. ಒಂದು ಹುಟ್ಟುಹಬ್ಬದ ವಿಷ್‌ಗೆ ಮನೆ ಬೀಗದ ಕೈ ಕೊಟ್ಟ ಹಾಗೆ. ಇಷ್ಟಾಗಿಯೂ ಆ ಹೊತ್ತಿಗೆ ಫೋನ್ ಆಫ್ ಆಗಿದ್ದರೆ ಮೆಸೇಜ್ ಹೋಗಲ್ಲ. ಟೆಲಿಗ್ರಾಂನಲ್ಲಿ ಈ ಸೌಲಭ್ಯ 2019ರಿಂದ ಆ್ಯಪ್ ಒಳಗೇ ಇದೆ. ನೀವು ಇಟ್ಟ ಮೆಸೇಜ್ ಅವರ ಸರ್ವರ್‌ಗೆ ಹೋಗಿ ಕೂತಿರುತ್ತದೆ. ಹೊತ್ತು ಬಂದಾಗ ಅಲ್ಲಿಂದಲೇ ಹೊರಡುತ್ತದೆ. ನಿಮ್ಮ ಫೋನ್ ಚಾರ್ಜ್ ಇಲ್ಲದೆ ಬಿದ್ದಿದ್ದರೂ ತೊಂದರೆ ಇಲ್ಲ.

ಈಗ ಮಾಡುವ ಕ್ರಮ. ಮೊದಲು ಚಿಕ್ಕಮ್ಮನ ಚಾಟ್ ತೆರೆದು ಹೆಸರಿನ ಕೆಳಗೆ ನೋಡಿ. ‘last seen a long time ago’ ಅಂತ ಇದ್ದರೆ ಅವರು ಟೆಲಿಗ್ರಾಂ ತೆರೆಯುವುದನ್ನೇ ಬಿಟ್ಟಿರಬಹುದು, ಇಲ್ಲವೇ ನಿಮ್ಮನ್ನು ಬ್ಲಾಕ್ ಮಾಡಿರಬಹುದು. ಎರಡರಲ್ಲಿ ಯಾವುದಾದರೂ ನಿಮ್ಮ ಶ್ರಮ ವ್ಯರ್ಥ. ಹಾಗೇನೂ ಇಲ್ಲದಿದ್ದರೆ ಮೆಸೇಜ್ ಟೈಪ್ ಮಾಡಿ. ಬಲಗಡೆ ಕಳಿಸುವ ಬಾಣ ಕಾಣಿಸಿಕೊಳ್ಳುತ್ತದೆ. ಅದನ್ನು ತಟ್ಟಬೇಡಿ, ತಟ್ಟಿದರೆ ಈಗಲೇ ಹೋಗಿಬಿಡುತ್ತದೆ. ಬೆರಳನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಸಣ್ಣದೊಂದು ಪಟ್ಟಿ ತೆರೆಯುತ್ತದೆ, ಅದರಲ್ಲಿ ‘Schedule message’ ಆರಿಸಿ. ಕಂಪ್ಯೂಟರಿನಲ್ಲಾದರೆ ಅದೇ ಬಾಣದ ಮೇಲೆ ಮೌಸ್‌ನ ಬಲ ಬಟನ್ ಒತ್ತಬೇಕು.

ಫೋನಿನಲ್ಲಿ ತಾರೀಕು, ಗಂಟೆ, ನಿಮಿಷದ ಮೂರು ಚಕ್ರಗಳು ಬರುತ್ತವೆ. ಅವನ್ನು ತಿರುಗಿಸಿದ ಹಾಗೆ ಕೆಳಗಿನ ಬಟನ್‌ನಲ್ಲಿ ಮೆಸೇಜ್ ಯಾವತ್ತು ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಬದಲಾಗುತ್ತಾ ಇರುತ್ತದೆ. ಒತ್ತುವ ಮುಂಚೆ ಆ ಸಾಲನ್ನು ಒಮ್ಮೆ ಓದಿ. ಇಲ್ಲಿ ಎಡವುವವರು ಜಾಸ್ತಿ. 12ನೇ ತಾರೀಕಿನ ಹುಟ್ಟುಹಬ್ಬಕ್ಕೆ ನಡುರಾತ್ರಿ ಅಂದರೆ 11ರ ರಾತ್ರಿ ಮುಗಿದು 12 ಹುಟ್ಟುವ ಹೊತ್ತು. ಅದು 12ನೇ ತಾರೀಕಿನ 00:00. ನೆಂಟರು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇದ್ದರೆ ಇಷ್ಟು ಹಾಕಿದರೆ ಕೆಲಸ ಮುಗಿಯಿತು.

ಹೊರದೇಶದಲ್ಲಿದ್ದರೆ ಲೆಕ್ಕ ಬೇಕು. ಚಕ್ರದಲ್ಲಿ ತೋರಿಸುವುದು ನಿಮ್ಮ ಫೋನಿನ ಸಮಯ, ಚಿಕ್ಕಮ್ಮನದಲ್ಲ. ಅವರ ನಡುರಾತ್ರಿ ನಮಗೆ ಎಷ್ಟು ಗಂಟೆ ಅಂತ ನಾವೇ ಕಂಡುಕೊಳ್ಳಬೇಕು. ದುಬೈ ಸುಲಭ, ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ಅಲ್ಲಿ ಹನ್ನೆರಡಾದಾಗ ನಮಗೆ 1:30. ಅಮೆರಿಕದವರು ಹಾಗಲ್ಲ, ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. ಹಾಗಾಗಿ ನ್ಯೂಜೆರ್ಸಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ.

ನಾನು ತಪ್ಪಿದ್ದು ಇಲ್ಲೇ. ಅಕ್ಟೋಬರಿನಲ್ಲಿ ಕೂತು ಫೋನಿನ ವರ್ಲ್ಡ್ ಕ್ಲಾಕ್‌ನಲ್ಲಿ ನ್ಯೂಯಾರ್ಕ್ ನೋಡಿದೆ. ಒಂಬತ್ತೂವರೆ ಗಂಟೆ ಹಿಂದೆ ಅಂತಿತ್ತು. ಸರಿ, ನವೆಂಬರ್ 12ರ ಬೆಳಿಗ್ಗೆ 9:30ಕ್ಕೆ ಇಟ್ಟೆ. ಅಷ್ಟರಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿಯಾಗಿತ್ತು. ಇಡಬೇಕಾಗಿದ್ದದ್ದು 10:30ಕ್ಕೆ. ಗಡಿಯಾರದ ಆ್ಯಪ್ ಇವತ್ತಿನ ವ್ಯತ್ಯಾಸ ಹೇಳುತ್ತದೆಯೇ ಹೊರತು ಹುಟ್ಟುಹಬ್ಬದ ದಿನದ್ದನ್ನಲ್ಲ.

ಇದಕ್ಕೆ ನಾನೀಗ ಗೂಗಲ್ ಕ್ಯಾಲೆಂಡರ್ ಬಳಸುತ್ತೇನೆ. ನವೆಂಬರ್ 12ಕ್ಕೆ ಒಂದು ಈವೆಂಟ್ ಮಾಡುತ್ತೇನೆ. ಅದರ ಟೈಮ್ ಝೋನ್ ಅನ್ನು ನ್ಯೂಯಾರ್ಕಿನದಕ್ಕೆ, ಅಂದರೆ ‘Eastern Time’ಗೆ ಬದಲಾಯಿಸಿ, ಸಮಯ 12:00 AM ಹಾಕಿ ಉಳಿಸುತ್ತೇನೆ. PM ಹಾಕಿದರೆ ಮಧ್ಯಾಹ್ನ ಆಗಿಬಿಡುತ್ತದೆ, ನೋಡಿಕೊಳ್ಳಿ. ಉಳಿಸಿದ ಮೇಲೆ ಕ್ಯಾಲೆಂಡರ್ ಅದನ್ನು ನಮ್ಮ ಸಮಯದಲ್ಲಿ ತೋರಿಸುತ್ತದೆ: ಬೆಳಿಗ್ಗೆ 10:30. ಆ ದಿನದ ಗಡಿಯಾರ ಹೇಗಿರುತ್ತದೆ ಅನ್ನೋದು ಅದಕ್ಕೆ ಗೊತ್ತು. ಆ ಅಂಕಿಯನ್ನೇ ಟೆಲಿಗ್ರಾಂ ಚಕ್ರಕ್ಕೆ ಹಾಕಿದರಾಯಿತು. ಸಿಡ್ನಿಯಂಥ ಊರಿಗಂತೂ ಈ ದಾರಿ ಇನ್ನೂ ಒಳ್ಳೆಯದು. ಅವರು ನಮಗಿಂತ ಮುಂದಿರುವುದರಿಂದ ಅಲ್ಲಿನ ನಡುರಾತ್ರಿ ನಮಗೆ ಹಿಂದಿನ ದಿನದ ಸಂಜೆ ಆಗಿರುತ್ತದೆ. ಕ್ಯಾಲೆಂಡರ್ ತಾರೀಕನ್ನೂ ಸರಿ ಮಾಡಿ ಕೊಡುತ್ತದೆ.

ಇಟ್ಟ ಮೆಸೇಜ್ ಎಲ್ಲಿ ಹೋಯಿತು ಅಂತ ಗಾಬರಿಯಾಗಬೇಡಿ. ಚಾಟ್‌ನಲ್ಲಿ ಟೈಪ್ ಮಾಡುವ ಜಾಗದ ಪಕ್ಕ ಸಣ್ಣ ಕ್ಯಾಲೆಂಡರ್ ಚಿತ್ರ ಮೂಡಿರುತ್ತದೆ. ಅದನ್ನು ಒತ್ತಿದರೆ ನಿಮ್ಮ ಮೆಸೇಜ್ ಅಲ್ಲಿ ಕಾಯುತ್ತಿರುತ್ತದೆ. ಅಲ್ಲೇ ಅದನ್ನು ತಿದ್ದಬಹುದು, ಸಮಯ ಬದಲಿಸಬಹುದು, ಅಳಿಸಲೂಬಹುದು. ಆ ಚಿತ್ರ ಮೂಡುವವರೆಗೆ ಇಂಟರ್ನೆಟ್ ಆಫ್ ಮಾಡಬೇಡಿ, ಮೆಸೇಜ್ ಸರ್ವರ್ ತಲುಪಿರುವುದಿಲ್ಲ. ಸೀಕ್ರೆಟ್ ಚಾಟ್‌ನಲ್ಲಿ ಮಾತ್ರ ಈ ಸೌಲಭ್ಯ ಇಲ್ಲ.

ನಂಬಿಕೆ ಬರದಿದ್ದರೆ ಒಂದು ತಾಲೀಮು ಮಾಡಿ ನೋಡಿ. ಟೆಲಿಗ್ರಾಂನ ‘Saved Messages’ ಅಂದರೆ ನಿಮಗೆ ನೀವೇ ಬರೆದುಕೊಳ್ಳುವ ಚಾಟ್. ಅಲ್ಲಿ ಏನಾದರೂ ಟೈಪ್ ಮಾಡಿ ಬಾಣ ಒತ್ತಿ ಹಿಡಿದರೆ ‘Set a reminder’ ಅಂತ ಬರುತ್ತದೆ. ಕೆಲಸ ಅದೇ, ಹೆಸರು ಬೇರೆ. ಮೂರು ನಿಮಿಷ ಆಚೆಗೆ ಇಟ್ಟು ಡೇಟಾ, ವೈಫೈ ಎರಡೂ ಆಫ್ ಮಾಡಿ. ಐದು ನಿಮಿಷ ಬಿಟ್ಟು ಆನ್ ಮಾಡಿ. ಮೆಸೇಜ್ ತನ್ನ ಹೊತ್ತಿಗೇ ಹೋಗಿರುವುದು ಅದರ ಪಕ್ಕದ ಸಮಯದಲ್ಲಿ ಕಾಣುತ್ತದೆ.

ತಾನಾಗಿ ಹೋದದ್ದು ಅಂತ ಓದುವವರಿಗೆ ಗೊತ್ತಾಗಲ್ಲ, ಅವರಿಗದು ಮಾಮೂಲಿ ಮೆಸೇಜ್. ಆದ್ದರಿಂದಲೇ ತಿಂಗಳು ಮುಂಚೆ ಇಡುವುದು ನನಗೆ ಇಷ್ಟವಿಲ್ಲ. ಆ ಮನೆಯಲ್ಲಿ ನಡುವೆ ಏನಾದರೂ ಕೆಟ್ಟದ್ದು ನಡೆದಿದ್ದರೆ ನಿಮ್ಮ ಕೇಕು, ಬಲೂನು ಸುಮ್ನೆ ಅವರ ಮುಂದೆ ಹೋಗಿ ನಿಲ್ಲುತ್ತವೆ. ಈಗ ನಾನು ಎರಡು ದಿನ ಮುಂಚೆಯಷ್ಟೇ ಇಡುತ್ತೇನೆ. ಹಿಂದಿನ ದಿನ ಅಮ್ಮನನ್ನು ಒಂದು ಮಾತು ಕೇಳುತ್ತೇನೆ, ‘ಎಡಿಸನ್‌ನಲ್ಲಿ ಎಲ್ಲ ಚೆನ್ನಾಗಿದ್ದಾರಾ?’ ಅಂತ.

ಮೆಸೇಜ್ ಹೊರಟ ಮೇಲೆ ಒಂದೇ ಟಿಕ್ ಕಂಡರೆ ಹೋಗಿಲ್ಲ ಅಂದುಕೊಳ್ಳಬೇಡಿ. ವಾಟ್ಸ್ಆ್ಯಪ್‌ನ ಲೆಕ್ಕ ಬೇರೆ. ಟೆಲಿಗ್ರಾಂನಲ್ಲಿ ಒಂದು ಟಿಕ್ ಅಂದರೆ ಹೋಗಿದೆ, ಎರಡು ಅಂದರೆ ಓದಿದ್ದಾರೆ. ಕಳೆದ ವರ್ಷ ಲೆಕ್ಕ ತಪ್ಪಲಿಲ್ಲ, 10:30ಕ್ಕೆ ಸರಿಯಾಗಿ ಮೊದಲ ಟಿಕ್ ಬಿತ್ತು. ಎರಡನೆಯದು ಬಿದ್ದದ್ದು ನಮ್ಮ ಸಂಜೆ ಐದೂವರೆಗೆ. ಅರವತ್ತೊಂದರ ಚಿಕ್ಕಮ್ಮ ಹನ್ನೆರಡರವರೆಗೆ ಎದ್ದಿರುವುದನ್ನು ಬಿಟ್ಟಿದ್ದಾರಂತೆ.