ಫೋಟೊಗೆ ಸಿಕ್ಕ ಮೆನು, ಕನ್ನಡಕ್ಕೆ ಸಿಗದ ತಿಂಡಿ: ವಿಯೆಟ್ನಾಮಿನ ಹೋಟೆಲಿನಲ್ಲಿ ಓದಿಕೊಳ್ಳುವುದು ಹೇಗೆ?

ದಾ ನಾಂಗ್ ನಗರದ ಒಂದು ಸಣ್ಣ ಹೋಟೆಲಿನಲ್ಲಿ ಉಡುಪಿಯಿಂದ ಹೋದ ನಾವು ಐದು ಮಂದಿ ಊಟಕ್ಕೆ ಕುಳಿತಿದ್ದೆವು. ನಮ್ಮೊಡನಿದ್ದ ದೊಡ್ಡಮ್ಮ ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವವರಲ್ಲ. ಮೆನುವಿನ ಫೋಟೊ ತೆಗೆದು ಕನ್ನಡಕ್ಕೆ ಅನುವಾದಿಸಿದಾಗ ಒಂದು ಸಾಲು ‘ಸಸ್ಯಾಹಾರಿ ಅನ್ನ’ ಎಂದು ಬಂತು. ಅದರ ಜೊತೆಗಿದ್ದ ‘ಹತ್ತಿ’ ಎಂಬ ಪದಕ್ಕೆ ಯಾರೂ ಗಮನ ಕೊಡಲಿಲ್ಲ. ತಟ್ಟೆಯಲ್ಲಿ ಬಂದದ್ದು ಅಕ್ಕಿ ಹಪ್ಪಳದಂತಹ ದಪ್ಪನೆಯ ಗರಿಗರಿ ತುಂಡುಗಳು, ಅದರ ಮೇಲೆ ಕಂದು ಬಣ್ಣದ ನವಿರಾದ ಎಳೆಗಳು. ‘ಇದೆಂತ ಮಗಾ, ಹುರಿದ ಕಾಯಿತುರಿಯಾ?’ ಎಂದು ದೊಡ್ಡಮ್ಮ ಕೇಳಿದರು. ಅದು ಒಣಗಿಸಿ ಎಳೆ ಎಳೆಯಾಗಿ ಬಿಡಿಸಿದ ಹಂದಿಮಾಂಸ ಎಂಬುದು ಪಕ್ಕದ ಮೇಜಿನವರಿಂದ ತಿಳಿಯಿತು. ಅದೃಷ್ಟಕ್ಕೆ ದೊಡ್ಡಮ್ಮ ಇನ್ನೂ ಬಾಯಿಗಿಟ್ಟಿರಲಿಲ್ಲ.

ತಪ್ಪು ಹೋಟೆಲಿನವರದ್ದಾಗಿರಲಿಲ್ಲ. ಮೆನುವಿನಲ್ಲಿ ಇದ್ದದ್ದು `CƠM CHÁY CHÀ BÔNG`. ಇದರಲ್ಲಿ `cơm` ಎಂದರೆ ಅನ್ನ, `cháy` ಎಂದರೆ ಸೀದದ್ದು. ಎರಡೂ ಸೇರಿದರೆ ಪಾತ್ರೆಯ ತಳ ಹಿಡಿದ ಅನ್ನವನ್ನು ಒಣಗಿಸಿ ಎಣ್ಣೆಯಲ್ಲಿ ಕರಿದ ತಿಂಡಿ, ಅದರ ಮೇಲಿನ ಮಾಂಸದ ಎಳೆಗಳು `chà bông`. ಯಂತ್ರ ‘ಹತ್ತಿ’ ಎಂದದ್ದು ಈ `bông` ಎಂಬ ಪದವನ್ನು. ಆದರೆ `chay` ಎಂದರೆ ಸಸ್ಯಾಹಾರ. ಎರಡು ಪದಗಳ ನಡುವಿನ ವ್ಯತ್ಯಾಸ `a` ಅಕ್ಷರದ ನೆತ್ತಿಯ ಮೇಲಿನ ಒಂದು ಓರೆಗೆರೆ ಮಾತ್ರ, ಆ ಗೆರೆ ನಾನು ತೆಗೆದ ಫೋಟೊದಲ್ಲಿ ದೀಪದ ಹೊಳಪಿನೊಳಗೆ ಮುಳುಗಿಹೋಗಿತ್ತು. ನಮ್ಮಲ್ಲಿ ಒಂದು ದೀರ್ಘ ಬಿಟ್ಟರೆ ‘ಬಾಳೆ’ ಹೋಗಿ ‘ಬಳೆ’ ಆಗುವಂತೆ ಅಲ್ಲಿ ಒಂದು ಗೆರೆ ಅಳಿಸಿದರೆ ಅರ್ಥವೇ ಬದಲಾಗುತ್ತದೆ. ಹೀಗಾಗಿ ವಿಯೆಟ್ನಾಮಿನ ಮೆನುವನ್ನು ಕನ್ನಡಕ್ಕೆ ತರುವ ಕೆಲಸ ಪದಕೋಶದಿಂದಲ್ಲ, ಕ್ಯಾಮೆರಾದಿಂದ ಆರಂಭವಾಗಬೇಕು.

ಮೊದಲು ಗೆರೆಗಳು ಉಳಿಯುವಂತೆ ಫೋಟೊ ತೆಗೆಯಿರಿ

ಅಲ್ಲಿನ ಮೆನುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಹೊದಿಕೆ ಹಾಕಿದ ಹಾಳೆಗಳು. ಫ್ಲ್ಯಾಶ್ ಬಳಸದೆ, ಹಾಳೆಯನ್ನು ಸ್ವಲ್ಪ ಓರೆ ಮಾಡುತ್ತಾ ದೀಪದ ಬಿಳಿ ಕಲೆ ಅಕ್ಷರಗಳ ಮೇಲಿನಿಂದ ಸರಿಯುವವರೆಗೆ ಕಾಯಬೇಕು. ಇಡೀ ಪುಟವನ್ನು ಒಂದೇ ಫೋಟೊದಲ್ಲಿ ಹಿಡಿಯುವ ಬದಲು ಏಳೆಂಟು ಸಾಲುಗಳಿಗೆ ಒಂದರಂತೆ, ಫೋನನ್ನು ಹಾಳೆಗೆ ಸಮಾಂತರವಾಗಿ ಹಿಡಿದು ತೆಗೆಯುವುದು ಒಳ್ಳೆಯದು. ಬಳಿಕ ಫೋಟೊವನ್ನು ಹಿಗ್ಗಿಸಿ ನೋಡಿದಾಗ ಅಕ್ಷರದ ಮೇಲಿನ ಗೆರೆ ಬಲಕ್ಕೆ ಏರುತ್ತದೋ ಇಳಿಯುತ್ತದೋ ಎಂಬುದು ನಿಮ್ಮ ಕಣ್ಣಿಗೆ ಸ್ಪಷ್ಟವಾಗದಿದ್ದರೆ ಫೋನಿಗೂ ಸ್ಪಷ್ಟವಾಗಿರುವುದಿಲ್ಲ. ಶೀರ್ಷಿಕೆಗಳನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಒತ್ತೊತ್ತಾಗಿ ಮುದ್ರಿಸಿರುವ ಕಡೆ ಗೆರೆಗಳು ಮೇಲಿನ ಸಾಲಿಗೆ ತಾಗಿರುತ್ತವೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಅನುವಾದಕ್ಕೆ ಮುಂಚೆ ಮೂಲವನ್ನು ಹೊರತೆಗೆಯಿರಿ

ಗೂಗಲ್ ಲೆನ್ಸ್‌ನಂತಹ ಸೌಲಭ್ಯಗಳು ಫೋಟೊದ ಮೇಲೆಯೇ ಕನ್ನಡವನ್ನು ಅಂಟಿಸಿ ತೋರಿಸುತ್ತವೆ. ನೋಡಲು ಚೆಂದ, ಆದರೆ ಮೂಲ ಅಕ್ಷರಗಳು ಅದರಡಿ ಮುಚ್ಚಿಹೋಗುವುದರಿಂದ ತಪ್ಪು ಎಲ್ಲಿ ಆಯಿತು ಎಂದು ಹುಡುಕುವುದಕ್ಕೆ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಮೊದಲು ಫೋಟೊದೊಳಗಿನ ವಿಯೆಟ್ನಾಮೀಸ್ ಪಠ್ಯವನ್ನು ಆಯ್ಕೆ ಮಾಡಿ, ನಕಲಿಸಿ, ಟಿಪ್ಪಣಿಗೆ ಅಂಟಿಸಿಕೊಳ್ಳಿ. ಬಳಿಕ ಒಂದೊಂದೇ ಸಾಲನ್ನು ಫೋಟೊದೊಂದಿಗೆ ತಾಳೆ ನೋಡಿ.

ಎಲ್ಲ ಪದಗಳನ್ನೂ ತಾಳೆ ನೋಡುತ್ತಾ ಕುಳಿತರೆ ಊಟದ ಹೊತ್ತು ಮೀರುತ್ತದೆ. ನನ್ನ ಅನುಭವದಲ್ಲಿ ಸಸ್ಯಾಹಾರಿಗಳು ಮೂರು ಜೋಡಿಗಳನ್ನು ಬಿಡದೆ ನೋಡಿದರೆ ದೊಡ್ಡ ಅಪಾಯಗಳು ತಪ್ಪುತ್ತವೆ. ಒಂದು, ಮೇಲೆ ಹೇಳಿದ `chay` ಮತ್ತು `cháy`. ಎರಡು, `cá` ಮತ್ತು `cà`: ಬಲಕ್ಕೆ ಏರುವ ಗೆರೆಯಿದ್ದರೆ ಮೀನು, ಬಲಕ್ಕೆ ಇಳಿಯುವ ಗೆರೆಯಿದ್ದರೆ ಅದು ಬದನೆ (`cà tím`), ಟೊಮೆಟೊ (`cà chua`), ಕಾಫಿ (`cà phê`) ಮುಂತಾದವುಗಳ ಮೊದಲ ಪದ. ಮೂರು, `bò` ಮತ್ತು `bơ`: ಮೊದಲನೆಯದು ದನದ ಮಾಂಸ, ಎರಡನೆಯದು ಬೆಣ್ಣೆ, ಕೆಲವೊಮ್ಮೆ ಬೆಣ್ಣೆಹಣ್ಣು. ಫೋನು ಗೆರೆಯನ್ನು ತಪ್ಪಾಗಿ ಓದಿದ್ದರೆ ನೀವೇ ತಿದ್ದಬೇಕಾಗುತ್ತದೆ. ಅದಕ್ಕಾಗಿ ಊರಿನಿಂದ ಹೊರಡುವ ಮುಂಚೆಯೇ ಕೀಲಿಮಣೆಗೆ ವಿಯೆಟ್ನಾಮೀಸ್ ಭಾಷೆಯನ್ನು ಸೇರಿಸಿ, ಟೆಲೆಕ್ಸ್ ಎಂಬ ವಿನ್ಯಾಸವನ್ನು ಆರಿಸಿಟ್ಟುಕೊಳ್ಳಿ. ಅದರಲ್ಲಿ `cas` ಎಂದು ಒತ್ತಿದರೆ `cá`, `caf` ಎಂದು ಒತ್ತಿದರೆ `cà`, `bow` ಎಂದರೆ `bơ` ಮೂಡುತ್ತದೆ.

ಹೆಸರನ್ನು ಬಿಡಿಸಿ, ಕೊನೆಯಿಂದ ಓದಿ

ವಿಯೆಟ್ನಾಮೀಸ್‌ನಲ್ಲಿ ಮುಖ್ಯ ಪದ ಮೊದಲು ಬರುತ್ತದೆ, ಅದನ್ನು ವಿವರಿಸುವ ಪದಗಳು ಆಮೇಲೆ. ಕನ್ನಡದ ಕ್ರಮ ಇದಕ್ಕೆ ತಿರುಗುಮುರುಗು. `Cà tím nướng mỡ hành` ಎಂಬುದನ್ನು ಬಿಡಿಸಿದರೆ ಬದನೆ, ಕೆಂಡದಲ್ಲಿ ಸುಟ್ಟದ್ದು, ಕೊಬ್ಬು, ಈರುಳ್ಳಿ ಸೊಪ್ಪು ಎಂಬ ತುಂಡುಗಳು ಸಿಗುತ್ತವೆ. ಹಿಂದಿನಿಂದ ಜೋಡಿಸಿದಾಗ ‘ಈರುಳ್ಳಿ ಸೊಪ್ಪು ಬಾಡಿಸಿದ ಕೊಬ್ಬನ್ನು ಸುರಿದ ಸುಟ್ಟ ಬದನೆ’ ಎಂಬ ವಾಕ್ಯ ನೆಟ್ಟಗೆ ನಿಲ್ಲುತ್ತದೆ. ಯಂತ್ರ ಇದನ್ನು ‘ಸುಟ್ಟ ಬದನೆಕಾಯಿ ಈರುಳ್ಳಿ’ ಎಂದು ಮುಗಿಸಿಬಿಟ್ಟರೆ, ನಡುವಿನ `mỡ` ಎಂಬ ಪದ ಮಾಯವಾದದ್ದು ತುಂಡು ತುಂಡಾಗಿ ಬಿಡಿಸಿದವರಿಗೆ ಮಾತ್ರ ಗೊತ್ತಾಗುತ್ತದೆ. ಇಂದು ಅನೇಕ ಕಡೆ ಇದಕ್ಕೆ ಅಡುಗೆ ಎಣ್ಣೆಯನ್ನೇ ಬಳಸುತ್ತಾರಾದರೂ ಸಾಂಪ್ರದಾಯಿಕವಾಗಿ ಅದು ಹಂದಿಯ ಕೊಬ್ಬು, ಆದ್ದರಿಂದ ಕೇಳಿಯೇ ತಿಳಿಯಬೇಕು.

ಬಿಡಿಸುವಾಗ ಎಡವುವ ಇನ್ನೊಂದು ಪದ `mặn`. ಪದಕೋಶದಲ್ಲಿ ಅದಕ್ಕೆ ‘ಉಪ್ಪಾದ’ ಎಂಬ ಅರ್ಥವಿದೆ. ಆದರೆ ಮೆನುವಿನಲ್ಲಿ ಒಂದು ಕಡೆ `món chay`, ಇನ್ನೊಂದು ಕಡೆ `món mặn` ಎಂದಿದ್ದರೆ ಎರಡನೆಯದು ಮಾಂಸಾಹಾರದ ಪಟ್ಟಿ. ‘ಉಪ್ಪು ಖಾದ್ಯಗಳು’ ಎಂದು ಓದಿ ಖಾರದ ತಿಂಡಿಗಳಿರಬೇಕು ಎಂದುಕೊಂಡರೆ ಆಯಿತು ಕಥೆ.

ಸಮಾನ ಪದ ಸಿಗದಿದ್ದರೆ ಹೆಸರನ್ನು ಹಾಗೆಯೇ ಬಿಡಿ

ಇಷ್ಟಾದ ಮೇಲೆ ನಿಜವಾದ ತೊಡಕು ಎದುರಾಗುತ್ತದೆ. `Bánh` ಎಂಬ ಪದವನ್ನು ತೆಗೆದುಕೊಳ್ಳಿ. ಯಂತ್ರದ ಕನ್ನಡದಲ್ಲಿ ಅದು ಬಹಳ ಸಲ ‘ಕೇಕ್’. ಇಂಗ್ಲಿಷಿನ ದಾರಿಯಾಗಿ ಬಂದ ಗುರುತು ಅದು. ಆದರೆ `bánh mì` ಎಂದರೆ ಬ್ರೆಡ್, `bánh cuốn` ಎಂದರೆ ಹಬೆಯಲ್ಲಿ ಬೆಂದ ತೆಳು ಅಕ್ಕಿ ಹಾಳೆಯ ಸುರುಳಿ, `bánh hỏi` ಎಂದರೆ ಅಕ್ಕಿಯ ನವಿರು ಎಳೆಗಳನ್ನು ಹೆಣೆದಂತೆ ಒತ್ತಿದ ಬಿಲ್ಲೆ. ಹಿಟ್ಟಿನಿಂದ ರೂಪ ಪಡೆದ ಬಹುಪಾಲು ತಿನಿಸುಗಳು ಆ ಒಂದು ಪದದಡಿ ಬರುತ್ತವೆ. ಕನ್ನಡಕ್ಕಿಂತ ತುಳುವಿನ ‘ಅಡ್ಯೆ’ ಇದಕ್ಕೆ ಹತ್ತಿರ ಎಂದು ನನಗೆ ಅನಿಸುತ್ತದೆ, ಏಕೆಂದರೆ ಒತ್ತುಶ್ಯಾವಿಗೆಯೂ ತೆಂಗಿನಕಾಯಿಯ ಕಡುಬೂ ಆ ಹೆಸರಿನೊಳಗೆ ಸೇರಿಕೊಳ್ಳುತ್ತವೆ. ಆದರೂ ಮೆನುವಿಗೆ ಅದನ್ನು ಹಾಕಲು ಹೋಗಬಾರದು. ಪತ್ರೊಡೆಯನ್ನು ‘ಎಲೆ ಕೇಕ್’ ಎಂದರೆ ನಮಗೆ ಹೇಗೆ ಇರಿಸುಮುರಿಸಾಗುತ್ತದೋ ಹಾಗೆಯೇ ಇದೂ.

ನಾನು ಅನುಸರಿಸುವ ಕ್ರಮವೆಂದರೆ, ಹೆಸರನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಬರೆದು, ಮುಂದೆ ಒಂದು ಸಾಲಿನಲ್ಲಿ ಅದು ಯಾವುದರಿಂದ ಮಾಡಿದ್ದು, ಹೇಗೆ ಬೆಂದದ್ದು, ಒಳಗೆ ಏನಿದೆ ಎಂಬ ಮೂರನ್ನು ಹೇಳುವುದು. ಊರಿನ ತಿಂಡಿಯ ಹೋಲಿಕೆ ಕೊಡುವುದಾದರೆ ರೂಪಕ್ಕೆ ಮಾತ್ರ ಕೊಡಬೇಕು, ವ್ಯತ್ಯಾಸವನ್ನೂ ಅಲ್ಲಿಯೇ ಹೇಳಬೇಕು. `Bánh xèo` ಎಂಬುದನ್ನು ಬರೆದುಕೊಂಡದ್ದು ಹೀಗೆ:

‘ಬಾನ್ ಸೆಯೊ: ನೀರ್ ದೋಸೆಯಂತೆ ಹುದುಗು ಬರಿಸದ ಅಕ್ಕಿ ಹಿಟ್ಟಿನದು, ಆದರೆ ಅರಿಶಿನ ಹಾಕಿ ಎಣ್ಣೆಯಲ್ಲಿ ಗರಿಗರಿಯಾಗಿ ಕಾಯಿಸಿದ್ದು, ಒಳಗೆ ಸಿಗಡಿ, ಹಂದಿಮಾಂಸ ಮತ್ತು ಹೆಸರಿನ ಮೊಳಕೆ, ಸೊಪ್ಪಿನಲ್ಲಿ ಸುತ್ತಿ ಮೀನಿನ ರಸದ ಅದ್ದುಗೆಯೊಂದಿಗೆ ತಿನ್ನುವುದು.’

ಬರಿದೆ ‘ವಿಯೆಟ್ನಾಂ ದೋಸೆ’ ಎಂದು ಬರೆದಿದ್ದರೆ ದೊಡ್ಡಮ್ಮ ಮೊದಲು ಅದನ್ನೇ ತರಿಸುತ್ತಿದ್ದರು. ದೋಸೆ ಎಂಬ ಪದ ನಮ್ಮವರ ಕಿವಿಗೆ ಆಕಾರವನ್ನಷ್ಟೇ ಹೇಳುವುದಿಲ್ಲ, ಸಸ್ಯಾಹಾರ ಎಂಬ ಭರವಸೆಯನ್ನೂ ಕೊಡುತ್ತದೆ. ಇದೇ ಕಾರಣಕ್ಕೆ `rau muống` ಎಂಬ ಸೊಪ್ಪಿಗೆ ಪಾಲಕ್ ಎಂದು ಬರೆಯುವುದೂ ಸರಿಯಲ್ಲ. ಅದು ನೀರಿನಲ್ಲಿ ಬೆಳೆಯುವ, ಟೊಳ್ಳು ದಂಟಿನ, ಗೆಣಸಿನ ಜಾತಿಗೆ ಸೇರಿದ ಸೊಪ್ಪು.

ತಿರುಗುಬಾಣವಾಗುವ ಸಾಲುಗಳೂ ಇವೆ. `Gà chay` ಎಂಬುದು ‘ಸಸ್ಯಾಹಾರಿ ಕೋಳಿ’ ಎಂದು ಬಂದಾಗ ನಾವೆಲ್ಲ ನಕ್ಕಿದ್ದೆವು, ಆದರೆ ಅದು ಸರಿಯಾದ ಅನುವಾದವೇ ಆಗಿತ್ತು: ಸೋಯಾ ಮುಂತಾದವುಗಳಿಂದ ಕೋಳಿಯಂತೆ ಮಾಡಿದ ಖಾದ್ಯ.

ಮೆನುವಿನಲ್ಲಿ ಬರೆಯದೆ ಇರುವುದು

ಅನುವಾದ ಎಷ್ಟೇ ನಿಖರವಾಗಿದ್ದರೂ ಅದು ಮುದ್ರಿತವಾದದ್ದನ್ನು ಮಾತ್ರ ಹೇಳಬಲ್ಲದು. `Rau muống xào tỏi` ಎಂದರೆ ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಹೆಸರಿನಲ್ಲಿ ಮೀನಿಲ್ಲ. ಆದರೂ ಬಾಣಲೆಗೆ `nước mắm`, ಅಂದರೆ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ, ಬಿದ್ದಿರುವ ಸಾಧ್ಯತೆ ಹೆಚ್ಚು. ನಾವು ಸಾರಿಗೆ ಇಂಗು ಹಾಕಿದ್ದನ್ನು ಹೆಸರಿನಲ್ಲಿ ಹೇಳದಂತೆ ಅವರೂ ಇದನ್ನು ಹೇಳುವುದಿಲ್ಲ. ಆದ್ದರಿಂದ ಎರಡು ಸಾಲುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಬಡಿಸುವವರಿಗೆ ತೋರಿಸಬೇಕು:

```
Tôi ăn chay.
Món này có nước mắm không?
```

ಮೊದಲನೆಯದು ‘ನಾನು ಸಸ್ಯಾಹಾರಿ’, ಎರಡನೆಯದು ‘ಇದರಲ್ಲಿ ಮೀನಿನ ರಸ ಇದೆಯೇ?’. ಉತ್ತರ `có` ಎಂದರೆ ಇದೆ, `không` ಎಂದರೆ ಇಲ್ಲ. ಮೀನು ಸೇರಿಸದೆ ಮಾಡಿದ `nước mắm chay` ಎಂಬ ರಸವೂ ಅಲ್ಲಿ ಸಿಗುವುದರಿಂದ, `mắm` ಎಂಬ ಪದ ಕಂಡ ಕೂಡಲೇ ಎದ್ದು ಹೋಗಬೇಕಾಗಿಲ್ಲ. ಅದರ ನಂತರ `chay` ಇದೆಯೇ ಎಂದು ನೋಡಬೇಕು.

ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿನ ಅನೇಕ ಬೌದ್ಧರು ಮಾಂಸ ಬಿಡುತ್ತಾರೆ, ನಮ್ಮಲ್ಲಿ ಏಕಾದಶಿಗೆ ಒಪ್ಪತ್ತು ಮಾಡುವ ಹಾಗೆ. ಕಟ್ಟುನಿಟ್ಟಿನ `chay` ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ ಎಂದು ತಿಳಿದು ದೊಡ್ಡಮ್ಮನಿಗೆ ಮಠದ ಊಟ ನೆನಪಾಯಿತು. ಹುಣ್ಣಿಮೆಯ ದಿನ ಅಂತಹ ಒಂದು ಊಟದ ಮನೆಯ ಮುಂದೆ ನಿಂತಾಗ ನಾನು ಫೋನು ತೆಗೆಯುವ ಮುಂಚೆಯೇ ಅವರು ಕನ್ನಡಕ ಸರಿಮಾಡಿಕೊಂಡು ಫಲಕದ ಹತ್ತಿರ ಹೋಗಿ, `CƠM CHAY` ಎಂಬಲ್ಲಿ `A` ಅಕ್ಷರದ ನೆತ್ತಿಯನ್ನು ಬೆರಳಿನಿಂದ ಸವರಿ ನೋಡಿ, ‘ಇದರ ಮೇಲೆ ಗೆರೆ ಇಲ್ಲ, ಬನ್ನಿ’ ಎಂದು ಒಳಗೆ ನಡೆದರು.