ಅಮ್ಮನ ಕಿವಿಗೆ ಒಪ್ಪುವ ಫೋನ್ ಆರಿಸುವುದು ಹೇಗೆ?

ಅಮ್ಮನಿಗೆ ಹೊಸ ಫೋನ್ ಕೊಳ್ಳುವಾಗ ನಾನು ಗಮನಿಸಿದ್ದು ಒಂದೇ ಸಂಗತಿ: ಸದ್ದು ಎಷ್ಟು ಜೋರಾಗಿದೆ ಎಂಬುದು. ಮಾರುವವರು ಹಾಡು ಹಾಕಿ ತೋರಿಸಿದರು, ಕೋಣೆ ತುಂಬುವಷ್ಟು ಸದ್ದು ಬಂತು, ತೃಪ್ತಿಯಿಂದ ತಂದುಬಿಟ್ಟೆ. ಮೊದಲ ಕರೆಯಲ್ಲೇ ಅಮ್ಮ ಹೇಳಿದಳು: "ನೀನು ಕೂಗುವುದು ಕೇಳಿಸುತ್ತದೆ, ಏನು ಹೇಳುತ್ತಿದ್ದೀಯ ಅನ್ನುವುದು ತಿಳಿಯುವುದಿಲ್ಲ." ಅಮ್ಮನಿಗೆ 78 ವರ್ಷ. ಕಿವಿಯ ಹಿಂದೆ ಕೂರುವ ಶ್ರವಣ ಸಾಧನ ಹಾಕಿಕೊಳ್ಳುತ್ತಾಳೆ. ಅವಳ ಆ ಒಂದು ಮಾತಿನಲ್ಲಿ ಫೋನ್ ಆರಿಸುವ ವಿದ್ಯೆಯ ಬಹುಪಾಲು ಅಡಗಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ವಯಸ್ಸಿನ ಜೊತೆ ಬರುವ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮನೆ ಕುಗ್ಗಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಮಸುಕಾಗುವುದು ತಾರಕದ, ತೆಳುವಾದ ಸದ್ದುಗಳು. ಮಾತಿನಲ್ಲಿ ಅ, ಆ, ಒ ಮುಂತಾದ ಸ್ವರಗಳಿಗೆ ಬಲವೂ ಹೆಚ್ಚು, ಅವು ಕೆಳಗಿನ ಶ್ರುತಿಯಲ್ಲೂ ಇರುತ್ತವೆ. ಸ, ಶ, ತ, ಕ, ಪ ಇವೆಲ್ಲ ಉಸಿರಿನ ಒಂದು ಚಿಮ್ಮು ಮಾತ್ರ. ಹಾಗಾಗಿ ನಾವು "ಸಾಲು" ಎಂದರೆ ಅಮ್ಮನಿಗೆ "ಆಲು" ಎಂದಷ್ಟೇ ಕೇಳಿಸುತ್ತದೆ. ಅದು ಕಾಲೋ ಹಾಲೋ ಪಾಲೋ ಎಂದು ಅವಳು ಊಹಿಸಬೇಕು. ವಾಲ್ಯೂಮ್ ಏರಿಸಿದಾಗ ಆ "ಆಲು" ದೊಡ್ಡದಾಗುತ್ತದೆ, ತಪ್ಪಿಹೋದ ಸಕಾರ ಮಾತ್ರ ಮರಳುವುದು ಕಡಿಮೆ. ಇನ್ನೂ ಒಂದು ತೊಡಕಿದೆ. ಇಂಥ ಕಿವಿಗೆ ಮೆಲುದನಿ ಕೇಳಿಸುವುದೇ ಇಲ್ಲ, ಆದರೆ ಸ್ವಲ್ಪ ಜೋರಾದರೂ ಕಿವಿ ನೋಯುತ್ತದೆ. ಹಿತವಾಗಿ ಕೇಳುವ ಪಟ್ಟಿ ಕಿರಿದಾಗಿರುತ್ತದೆ.

ಮೊದಲು ಹನ್ನೆರಡು ಪದಗಳ ಪರೀಕ್ಷೆ

ಫೋನ್ ಆರಿಸುವಾಗ ಹಾಡು ಹಾಕಿ ನೋಡಬೇಡಿ, ಕರೆ ಮಾಡಿ ನೋಡಿ. ಬಳಸುವವರು ಜೊತೆಗೇ ಬಂದಿರಬೇಕು. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಳ್ಳಿ: ಕಾಲು, ಸಾಲು, ಪಾಲು, ಹಾಲು, ತಲೆ, ಕಲೆ, ಬೆಲೆ, ಸೆಲೆ, ಸಾಕು, ಹಾಕು, ತಾಕು, ಬೇಕು. ನೀವು ಬೇರೆ ಕೋಣೆಗೆ ಹೋಗಿ ಅವರಿಗೆ ಕರೆ ಮಾಡಿ. ನಿಮ್ಮ ತುಟಿ ಅವರಿಗೆ ಕಾಣಬಾರದು, ನೇರ ದನಿಯೂ ಕೇಳಬಾರದು. ಎಂದಿನ ದನಿಯಲ್ಲಿ, ಕೂಗದೆ, ಪದಗಳನ್ನು ಹಿಂದುಮುಂದಾಗಿ ಒಂದೊಂದೇ ಹೇಳಿ. ಕೇಳಿಸಿದ್ದನ್ನು ಅವರು ಹಾಗೆಯೇ ತಿರುಗಿ ಹೇಳಲಿ. ಎಷ್ಟು ಸರಿಯಾಯಿತು ಎಂದು ಗುರುತು ಹಾಕಿಕೊಳ್ಳಿ. ನಾನು ಜೋರು ಸದ್ದಿಗೆ ಮರುಳಾಗಿ ತಂದ ಫೋನ್‌ನಲ್ಲಿ ಅಮ್ಮನಿಗೆ ಸರಿಯಾಗಿ ತಿಳಿದದ್ದು ಐದೇ ಪದ. "ಸೆಲೆ" ಅವಳಿಗೆ ಮೂರು ಸಲವೂ "ಎಲೆ" ಎಂದೇ ಕೇಳಿಸಿತು. ಇದು ವೈದ್ಯಕೀಯ ಪರೀಕ್ಷೆಯಲ್ಲ, ಆದರೆ ಎರಡು ಫೋನ್‌ಗಳನ್ನು ತೂಗಿ ನೋಡಲು ಇಷ್ಟು ಸಾಕು.

ಒಂದೇ ವಾಲ್ಯೂಮ್‌ನಲ್ಲಿ ಎರಡು ಫೋನ್‌ಗಳ ಫಲ ಬೇರೆಯಾಗಲು ಒಂದು ಕಾರಣ ಕರೆಯ ಗುಣಮಟ್ಟವೇ. ಹಳೆಯ ದೂರವಾಣಿ ಪದ್ಧತಿಯು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತದೆ. ಸ, ಶ ಧ್ವನಿಗಳ ಸಾರ ಹೆಚ್ಚಾಗಿ ಅದರ ಮೇಲಿರುತ್ತದೆ. ಎಚ್‌ಡಿ ವಾಯ್ಸ್ ಎಂಬ ಪದ್ಧತಿ ಸುಮಾರು 7000 ಹರ್ಟ್ಜ್‌ವರೆಗೆ ಒಯ್ಯುತ್ತದೆ. 4ಜಿ ಜಾಲದ ಮೇಲೆಯೇ ಕರೆ ಸಾಗಿಸುವ ವೋಲ್ಟೀ ಸೌಲಭ್ಯವಿರುವ ಫೋನ್‌ಗಳಲ್ಲಿ ಇದು ಸಿಗುತ್ತದೆ. ಕೀಲಿಗಳಿರುವ ಸರಳ ಫೋನ್‌ಗಳಲ್ಲೂ ವೋಲ್ಟೀ ಇರುವಂಥವುಗಳಿವೆ, ಕೇಳಿಯೇ ಕೊಳ್ಳಿ. ಎರಡೂ ತುದಿಯ ಫೋನ್‌ಗಳಲ್ಲೂ ನಡುವಿನ ಜಾಲದಲ್ಲೂ ಈ ಸೌಲಭ್ಯ ಇದ್ದರೆ ಮಾತ್ರ ಉಪಯೋಗ. ಮತ್ತೆ, ಆ ಮೇಲಿನ ಶ್ರುತಿಗಳನ್ನು ಹಿಡಿಯುವ ಶಕ್ತಿಯೇ ಕಿವಿಯಲ್ಲಿ ಉಳಿದಿಲ್ಲವಾದರೆ ಇದರಿಂದ ಅಷ್ಟು ಲಾಭವಿಲ್ಲ. ಅದನ್ನೂ ಪದಗಳ ಚೀಟಿಯೇ ಹೇಳಿಬಿಡುತ್ತದೆ.

ಸ್ಪೀಕರ್ ಎಲ್ಲಿದೆ ನೋಡಿ

ಲೌಡ್ ಸ್ಪೀಕರ್ ಫೋನಿನ ಬೆನ್ನಿಗಿದ್ದರೆ ಹಾಸಿಗೆಯ ಮೇಲೋ ಮಡಿಲಲ್ಲೋ ಇಟ್ಟಾಗ ದನಿ ಬಟ್ಟೆಯೊಳಗೆ ಹೂತುಹೋಗುತ್ತದೆ. ಮುಂಭಾಗದಲ್ಲೋ ಅಂಚಿನಲ್ಲೋ ಇರುವುದು ಒಳ್ಳೆಯದು. ಸ್ಪೀಕರ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿದರೆ ಪ್ರತಿಧ್ವನಿ ತಡೆಯಲು ಫೋನ್ ಒಂದು ಕಡೆಯ ದನಿಯನ್ನು ಕುಗ್ಗಿಸುತ್ತದೆ, ಆಗ ವಾಕ್ಯದ ಮೊದಲ ಪದ ನುಂಗಿಹೋಗುತ್ತದೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡುವುದೇ ಇದಕ್ಕೆ ಮದ್ದು.

ಕರೆಗಂಟೆಯನ್ನು ಬೇರೆಯಾಗಿಯೇ ಪರೀಕ್ಷಿಸಿ. ಕೀಚಲು ಗಂಟೆ ನಮಗೆ ಚುಚ್ಚುವಂತೆ ಕೇಳಿದರೂ ಅವರಿಗೆ ಕೇಳದೇ ಇರಬಹುದು. ಕೆಳದನಿಯ, ಹಳೆಯ ಟೆಲಿಫೋನಿನ ಹಾಗೆ ಬಿಟ್ಟು ಬಿಟ್ಟು ಮೊಳಗುವ ಗಂಟೆ ಇಟ್ಟು, ಜೊತೆಗೆ ಕಂಪನವನ್ನೂ ದೀಪ ಮಿನುಗುವುದನ್ನೂ ಸೇರಿಸಿ. ಮೊದಲು ಚೆನ್ನಾಗಿ ಕೇಳುತ್ತಿದ್ದ ಫೋನ್ ಮಂಕಾಗಿದ್ದರೆ ಕಿವಿಯ ಕಡೆಯ ರಂಧ್ರ ನೋಡಿ. ಧೂಳು, ಕಿವಿಯ ಗುಗ್ಗೆ, ತಪ್ಪಾಗಿ ಅಂಟಿಸಿದ ಸ್ಕ್ರೀನ್ ಗಾರ್ಡ್ ಅದನ್ನು ಮುಚ್ಚಿರುವುದು ಬಹಳ. ಒಣ ಮೆತ್ತನೆಯ ಬ್ರಷ್ ಸಾಕು. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಫೋನ್ ನೋಡುತ್ತಾ ಕೂರಬೇಡಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಶ್ರವಣ ಸಾಧನದ ಜೊತೆ ಹೊಂದಾಣಿಕೆ

ಶ್ರವಣ ಸಾಧನ ಫೋನಿನ ದನಿಯನ್ನು ಮೂರು ದಾರಿಗಳಲ್ಲಿ ಪಡೆಯಬಲ್ಲದು. ಮೊದಲನೆಯದು ಸಾಧನದ ಮೈಕ್ರೊಫೋನ್. ಎರಡನೆಯದು ಟೆಲಿಕಾಯಿಲ್: ಸಾಧನದೊಳಗಿನ ಸಣ್ಣ ತಂತಿ ಸುರುಳಿ, ಫೋನಿನ ಕಾಂತಕ್ಷೇತ್ರವನ್ನು ನೇರವಾಗಿ ಹಿಡಿದು ದನಿಯಾಗಿಸುತ್ತದೆ. ಮೂರನೆಯದು ಬ್ಲೂಟೂತ್.

ಫೋನಿನ ಪೆಟ್ಟಿಗೆಯ ಮೇಲೋ ವಿವರಪಟ್ಟಿಯಲ್ಲೋ ಶ್ರವಣ ಸಾಧನಕ್ಕೆ ಹೊಂದುತ್ತದೆ ಎಂಬರ್ಥದಲ್ಲಿ HAC ಎಂದು ಬರೆದು ಮುಂದೆ M3, T4 ಮುಂತಾದ ಗುರುತು ಇರಬಹುದು. M ಮೈಕ್ರೊಫೋನ್ ದಾರಿಗೆ, T ಟೆಲಿಕಾಯಿಲ್ ದಾರಿಗೆ. ಅಂಕಿ 4 ಆದರೆ ಅತ್ಯುತ್ತಮ, 3 ಆದರೆ ಚೆನ್ನ. ಶ್ರವಣ ಸಾಧನಕ್ಕೂ ಇಂಥದೇ ಅಂಕಿ ಇರುವುದುಂಟು. ಎರಡನ್ನೂ ಕೂಡಿಸಿ: ಮೊತ್ತ 4 ಆದರೆ ಹೇಗೋ ನಡೆಯುತ್ತದೆ, 5 ಆದರೆ ನಿತ್ಯದ ಬಳಕೆಗೆ ಸರಿ, 6 ಅಥವಾ ಹೆಚ್ಚಾದರೆ ಬಹಳ ಚೆನ್ನ. ಅಮ್ಮನ ಸಾಧನ M2. ಫೋನ್ M3 ಆದರೆ ಮೊತ್ತ 5 ಆಗುತ್ತದೆ. ಹೊಸ ಮಾನದಂಡದಲ್ಲಿ ಈ ಅಂಕಿಗಳನ್ನು ಕೈಬಿಟ್ಟಿದ್ದಾರೆ, ಆ ಪ್ರಕಾರ ತಯಾರಾದ ಫೋನ್‌ಗಳಲ್ಲಿ ಹೊಂದುತ್ತದೆ ಎಂಬ ಮಾತಷ್ಟೇ ಇರುತ್ತದೆ. ಅಂಕಿ ಕಾಣಲಿಲ್ಲವೆಂದು ಅಂಥದ್ದನ್ನು ತಳ್ಳಿಹಾಕಬೇಡಿ.

ಮೈಕ್ರೊಫೋನ್ ದಾರಿಯಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಫೋನನ್ನು ಕಿವಿಯ ತೂತಿಗೆ ಹಿಡಿಯುವುದು. ಕಿವಿಯ ಹಿಂದೆ ಕೂರುವ ಸಾಧನದ ಮೈಕ್ರೊಫೋನ್ ಇರುವುದು ಕಿವಿಯ ಮೇಲಂಚಿನಲ್ಲಿ! ಫೋನಿನ ದನಿ ಬರುವ ರಂಧ್ರ ಅಲ್ಲಿಗೆ ಬರುವಂತೆ, ಎರಡು ಬೆರಳು ಮೇಲಕ್ಕೂ ತುಸು ಹಿಂದಕ್ಕೂ ಸರಿಸಿ ಹಿಡಿಯಬೇಕು. ಅಮ್ಮನ ಕೈ ಹಿಡಿದು ನಾನು ಹಾಗೆ ಸರಿಸಿದ ಕೂಡಲೇ ಅವಳ ಹುಬ್ಬು ಮೇಲೇರಿತು. ಅದೇ ಫೋನ್, ಅದೇ ಚೀಟಿ. ಈ ಸಲ ಎಂಟು ಪದ ಸರಿ. ಶಿಳ್ಳೆ ಬಂದರೆ ಫೋನ್ ತೀರಾ ಅಂಟಿಕೊಂಡಿದೆ ಎಂದರ್ಥ: ಕಿವಿಯಿಂದ ಸೋರಿದ ದನಿ ಫೋನಿಗೆ ತಾಗಿ ಮತ್ತೆ ಮೈಕ್ರೊಫೋನ್ ಸೇರುತ್ತಿರುತ್ತದೆ. ಒಂದು ಬೆರಳಿನಷ್ಟು ಬಿಡಿಸಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಶಿಳ್ಳೆಯ ಬದಲು ದುಂಬಿಯ ಝೇಂಕಾರದಂಥ ಸದ್ದು ಬಂದರೆ ಅದು ಫೋನಿನ ರೇಡಿಯೊ ತರಂಗಗಳ ತಂಟೆ, ಹಳೆಯ 2ಜಿ ಕರೆಗಳಲ್ಲಿ ಹೆಚ್ಚು.

ಸಾಧನದಲ್ಲಿ ಟೆಲಿಕಾಯಿಲ್ ಇದ್ದರೆ ಅದು ಶಿಳ್ಳೆಯನ್ನೂ ಕೋಣೆಯ ಗದ್ದಲವನ್ನೂ ದೂರವಿಡುತ್ತದೆ. ತೀರಾ ಚಿಕ್ಕ ಸಾಧನಗಳಲ್ಲಿ ಇದು ಇರುವುದಿಲ್ಲ. ಇದ್ದರೂ ಶ್ರವಣ ತಜ್ಞರು ಚಾಲೂ ಮಾಡಿಕೊಟ್ಟಿರಬೇಕು, ಅನೇಕ ಫೋನ್‌ಗಳಲ್ಲಿ ಕರೆಯ ಸೆಟ್ಟಿಂಗ್‌ಗಳೊಳಗೆ ಹಿಯರಿಂಗ್ ಏಡ್ ಆಯ್ಕೆಯನ್ನೂ ಆನ್ ಮಾಡಬೇಕು. ಆಮೇಲೆ ಫೋನನ್ನು ಮೆಲ್ಲನೆ ಓರೆ ಮಾಡುತ್ತಾ ದನಿ ತಿಳಿಯಾಗುವ ಜಾಗ ಹುಡುಕಬೇಕು. ಈ ದಾರಿಯಲ್ಲಿ ಅಮ್ಮನಿಗೆ ಹನ್ನೊಂದು ಪದ ತಿಳಿದವು. ಆದರೆ ಮೈಕ್ರೊಫೋನ್ ಮುಚ್ಚಿರುವುದರಿಂದ ಕರೆ ಮುಗಿದ ಮೇಲೆ ಹಳೆಯ ಸ್ಥಿತಿಗೆ ಮರಳದಿದ್ದರೆ ಎದುರಿಗಿರುವವರ ಮಾತೂ ಕೇಳುವುದಿಲ್ಲ. ಒಂದು ಸಂಜೆ ಅಮ್ಮ ಸಾಧನ ಕೆಟ್ಟಿತೆಂದು ತೆಗೆದಿಟ್ಟು ಸುಮ್ಮನೆ ಕುಳಿತಿದ್ದಳು, ಆಗಿದ್ದದ್ದು ಇಷ್ಟೇ.

ಬ್ಲೂಟೂತ್ ಇರುವ ಎಲ್ಲ ಸಾಧನಗಳೂ ಎಲ್ಲ ಫೋನ್‌ಗಳಿಗೂ ಹೊಂದುವುದಿಲ್ಲ. ಐಫೋನಿಗೆ ಒಂದು ಪದ್ಧತಿ, ಆಂಡ್ರಾಯ್ಡ್‌ಗೆ ಇನ್ನೊಂದು, ಈಚೆಗೆ ಬಂದ ಎಲ್‌ಇ ಆಡಿಯೊ ಮತ್ತೊಂದು. ಆದ್ದರಿಂದ ಸಾಧನದ ಮಾದರಿಯ ಹೆಸರು ಬರೆದುಕೊಂಡು, ಅದರ ತಯಾರಕರು ಕೊಡುವ ಹೊಂದುವ ಫೋನ್‌ಗಳ ಪಟ್ಟಿ ನೋಡಿಯೇ ಫೋನ್ ಆರಿಸಿ. ಕೆಲವು ಜೋಡಿಗಳಲ್ಲಿ ದನಿ ಕಿವಿಗೆ ಬಂದರೂ ಮಾತನ್ನು ಹಿಡಿಯುವುದು ಫೋನಿನ ಮೈಕ್ರೊಫೋನೇ. ಫೋನ್ ಜೇಬಿನಲ್ಲಿಟ್ಟು ಮಾತನಾಡಿದರೆ ಆಚೆಯವರಿಗೆ ಗೊಣಗಾಟ ಕೇಳಿಸುತ್ತದೆ.

ಅಕ್ಷರ ಮತ್ತು ಬೆರಳು

ಅಕ್ಷರದ ಗಾತ್ರವನ್ನು ಗರಿಷ್ಠಕ್ಕೇರಿಸಿ ನಾಲ್ಕು ಪರದೆಗಳನ್ನು ತೆರೆದು ನೋಡಿ: ಅಂಕಿ ಒತ್ತುವುದು, ಹೆಸರುಗಳ ಪಟ್ಟಿ, ಬರುತ್ತಿರುವ ಕರೆ, ಸಂದೇಶ. ಕೆಲವು ಫೋನ್‌ಗಳಲ್ಲಿ ಸಂದೇಶ ದೊಡ್ಡದಾಗುತ್ತದೆ, ಕರೆಯ ಪರದೆ ಹಾಗೆಯೇ ಉಳಿಯುತ್ತದೆ, ಇಲ್ಲವೇ ಗುಂಡಿಯ ಮೇಲಿನ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಓದುವವರಾದರೆ ಒತ್ತಕ್ಷರಗಳ ಮೇಲೆ ಕಣ್ಣಿಡಿ. "ವಿಶ್ವೇಶ್ವರ" ಎಂದು ಬರೆದಿಟ್ಟು ವಕಾರದ ಒತ್ತು ಬೇರೆಯಾಗಿ ಕಾಣುತ್ತದೆಯೇ ಎಂದು ಅವರನ್ನೇ ಕೇಳಿ. ದಪ್ಪ ಅಕ್ಷರ, ಬಿಳಿ ನೆಲದ ಮೇಲೆ ಕಪ್ಪು, ಪೂರ್ಣ ಬೆಳಕು: ವಯಸ್ಸಾದ ಕಣ್ಣೊಳಗೆ ಹೋಗುವ ಬೆಳಕೇ ಕಡಿಮೆ, ಹಾಗಾಗಿ ಗಾತ್ರದಷ್ಟೇ ಇದೂ ಮುಖ್ಯ.

ಟಚ್ ಪರದೆಯಲ್ಲಿ ತೊಂದರೆ ಬರುವುದು ಹೆಚ್ಚಾಗಿ ಎರಡು ಕಡೆ. ವಯಸ್ಸಾದವರು ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ, ಫೋನ್ ಅದನ್ನು ದೀರ್ಘ ಒತ್ತು ಎಂದು ತಿಳಿದು ಬೇರೇನನ್ನೋ ತೆರೆಯುತ್ತದೆ. ಆಂಡ್ರಾಯ್ಡ್‌ನ Accessibility ವಿಭಾಗದಲ್ಲಿ Touch & hold delay ಎಂಬುದನ್ನು Long ಮಾಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಎರಡನೆಯದು ಕರೆ ಸ್ವೀಕರಿಸಲು ಬೆರಳು ಎಳೆಯಬೇಕಾಗುವುದು. ಒಣಗಿದ ಅಥವಾ ನಡುಗುವ ಬೆರಳಿಗೆ ಅದು ಕಷ್ಟ, ಒಮ್ಮೆ ತಟ್ಟಿದರೆ ಸಾಕೆನ್ನುವ ಆಯ್ಕೆ ಇದೆಯೇ ನೋಡಿ. ಇಷ್ಟಾದರೂ ಹತ್ತು ಕರೆಗಳಲ್ಲಿ ಮೂರ್ನಾಲ್ಕು ತಪ್ಪುತ್ತಿದ್ದರೆ ಹಟ ಬೇಡ. ತೆರೆದರೆ ಮಾತು, ಮುಚ್ಚಿದರೆ ಮುಗಿಯಿತು ಎನ್ನುವ ಮಡಚುವ ಫೋನ್ ಕೊಡಿ. ವಾಲ್ಯೂಮ್ ಕೀಲಿ ಬದಿಯಲ್ಲಿ ಉಬ್ಬಾಗಿರಲಿ, ಕತ್ತಲಲ್ಲೂ ಬೆರಳಿಗೆ ಸಿಗಬೇಕು.

ಎಲ್ಲ ಹೊಂದಿಸಿ ಎರಡು ವಾರವಾದ ಮೇಲೆ ಅದೇ ಚೀಟಿ ಹಿಡಿದು ಮತ್ತೆ ಕರೆ ಮಾಡಿ, ಈ ಸಲ ನಿಜವಾಗಿಯೂ ದೂರದಿಂದ. ಫೋನ್ ಎಲ್ಲಿ ಹಿಡಿದಿದ್ದಾರೆ ಎಂದು ಅವರೇ ಹೇಳಲಿ. ಅಮ್ಮನ ಫೋನ್ ಮತ್ತೆ ಕಿವಿಯ ತೂತಿಗೆ ಇಳಿದಿತ್ತು; ನೆನಪಿಸಿದಾಗ ಮೇಲಕ್ಕೆ ಸರಿಸಿಕೊಂಡು, "ಹಾಂ, ಈಗ ಸೆಲೆ ಅಂದೆ" ಎಂದಳು.