ಸೀಪೇಜ್ ಇರುವ ಗೋಡೆಗೆ ಯಾವ ಪುಟ್ಟಿ, ಯಾವ ಪ್ರೈಮರ್? ಧಾರವಾಡದ ಒಂದು ಮನೆಯಲ್ಲಿ ನಾನು ಮಾಡಿದ್ದು

ಹುಬ್ಬಳ್ಳಿ-ಧಾರವಾಡದಲ್ಲಿ ಪೇಂಟಿಂಗ್ ಕೆಲಸ ಹಿಡಿದು ಮಾಡುವವನು ನಾನು. ಮಳೆಗಾಲ ಮುಗಿದು ದಸರಾ ಹತ್ತಿರ ಬಂತು ಅಂದ್ರೆ ಫೋನ್ ಶುರುವಾಗುತ್ತವೆ. "ಗ್ವಾಡಿ ಉಬ್ಬೇತ್ರಿ, ಪುಟ್ಟಿ ಉದರಾಕತ್ತೇತಿ, ಸಿಮೆಂಟ್ ಪುಟ್ಟಿ ಹಚ್ಚಬೇಕೋ ಅಕ್ರಿಲಿಕ್ ಹಚ್ಚಬೇಕೋ?" ಎಲ್ಲರದ್ದೂ ಇದೇ ಪ್ರಶ್ನೆ. ನಾನು ತಿರುಗಿ ಕೇಳೋದೂ ಒಂದೇ: ನೀರು ಎಲ್ಲಿಂದ ಬರ್ತಾ ಇದೆ, ಪುಟ್ಟಿ ಕೆಳಗೆ ಈಗ ಏನಿದೆ? ಈ ಎರಡಕ್ಕೆ ಉತ್ತರ ಸಿಗದೆ ಚೀಲ ತಂದರೆ ದುಡ್ಡು ಹಾಳು.

ಮಾಳಮಡ್ಡಿಯಲ್ಲಿರುವ ನಮ್ಮ ಅಕ್ಕನ ಮನೆಯ ಕೆಲಸವನ್ನೇ ಇಲ್ಲಿ ಬರೀತೀನಿ. ಯಾಕಂದ್ರೆ ಎರಡು ಥರದ ಹಸಿ ಆ ಒಂದೇ ಮನೆಯಲ್ಲಿದ್ದವು. ಹಿಂದಿನ ಭಾಗ ಹಳೆಯದು, ಕಲ್ಲು ಮತ್ತು ಮಣ್ಣಿನ ಗೋಡೆ. ಮುಂದೆ ಆಮೇಲೆ ಕಟ್ಟಿಸಿದ ಇಟ್ಟಿಗೆಯ ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡೇ ಬಚ್ಚಲು.

ಮಲಗುವ ಕೋಣೆಯಲ್ಲಿ ಬಚ್ಚಲ ಕಡೆಯ ಗೋಡೆ ಮಾತ್ರ ಹಾಳಾಗಿತ್ತು. ಒಂದು ಮೂಲೆಯಲ್ಲಿ ನೆಲದಿಂದ ಸುಮಾರು ಎರಡು ಅಡಿವರೆಗೆ ಪೇಂಟ್ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದರೆ ಒಳಗೆ ಬಿಳಿ ಪುಡಿ. ಅದು ಉಪ್ಪು. ಗಿಲಾವಿನಲ್ಲಿ, ಇಟ್ಟಿಗೆಯಲ್ಲಿ ಇರುವ ಉಪ್ಪನ್ನು ನೀರು ಕರಗಿಸಿಕೊಂಡು ಹೊರಗೆ ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಪೇಂಟಿನ ಹಿಂದೆ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಮೇಲಿನ ಪದರವನ್ನು ದೂಡುತ್ತದೆ. ಈ ತಳ್ಳುವಿಕೆಗೆ ಅಕ್ರಿಲಿಕ್ ಪುಟ್ಟಿಯೂ ಬಿಡುತ್ತದೆ, ಸಿಮೆಂಟ್ ಪುಟ್ಟಿಯೂ ಬಿಡುತ್ತದೆ, ಒಂದು ಬೇಗ ಒಂದು ತಡ ಅಷ್ಟೇ.

ಗೋಡೆ ಮೇಲಿದ್ದ ಹಳೆ ಪುಟ್ಟಿ ಯಾವುದು ಅಂತ ಅಕ್ಕನಿಗೂ ಗೊತ್ತಿರಲಿಲ್ಲ. ಇದನ್ನು ಪತ್ತೆ ಮಾಡೋದು ಸುಲಭ. ಪೇಂಟ್ ಸ್ವಲ್ಪ ಕೆರೆದು, ಒದ್ದೆ ಸ್ಪಂಜನ್ನು ಆ ಜಾಗಕ್ಕೆ ಕೆಲವು ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಹೆಬ್ಬೆರಳಿನಿಂದ ತಿಕ್ಕಿ. ಬೆರಳಿಗೆ ಬಿಳಿ ಪೇಸ್ಟ್ ಹತ್ತಿದರೆ ಅದು ಅಕ್ರಿಲಿಕ್ ಅಥವಾ ಚಾಕ್ ಪೌಡರ್ ಪುಟ್ಟಿ. ಗಟ್ಟಿಯಾಗೇ ಇದ್ದು, ಬರೀ ಒದ್ದೆಯಾದರೆ ಸಿಮೆಂಟ್ ಪುಟ್ಟಿ. ಇಲ್ಲಿ ಹೆಬ್ಬೆರಳು ಬೆಣ್ಣೆ ಹತ್ತಿದ ಹಾಗೆ ಬೆಳ್ಳಗಾಯಿತು. ಅಕ್ರಿಲಿಕ್ ಪುಟ್ಟಿ ಅಂದ್ರೆ ನುಣ್ಣನೆ ಕಲ್ಲಿನ ಪುಡಿಯನ್ನು ಅಕ್ರಿಲಿಕ್ ಅಂಟು ಹಿಡಿದುಕೊಂಡಿರೋದು. ಹಸಿ ಹಾಗೇ ಇದ್ದರೆ ಆ ಅಂಟು ಮೆತ್ತಗಾಗಿ ಹಿಡಿತ ಬಿಡುತ್ತದೆ. ಸಿಮೆಂಟ್ ಪುಟ್ಟಿ ಬಿಳಿ ಸಿಮೆಂಟಿನದ್ದು. ನೀರಿನ ಜೊತೆ ಸೇರಿಯೇ ಗಟ್ಟಿಯಾಗುತ್ತದೆ, ಆಮೇಲೆ ಹಸಿ ತಾಕಿದರೆ ಕರಗೋದಿಲ್ಲ. ಹಸಿ ಬಂದುಹೋದ ಗೋಡೆಗೆ ನಾನು ಇದನ್ನೇ ಆರಿಸೋದು ಈ ಕಾರಣಕ್ಕೆ. ನೀರು ತಡೀತದೆ ಅಂತ ಅಲ್ಲ, ಅದು ತಡೆಯೋದಿಲ್ಲ.

ಮೊದಲು ನೀರು ನಿಲ್ಲಿಸಬೇಕು. ಬಚ್ಚಲಲ್ಲಿ ನೀರು ಹೋಗುವ ಟ್ರ್ಯಾಪಿನ ಬಾಯಿ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಬಣ್ಣ ಕಲಸಿದ ನೀರನ್ನು ಎರಡು ಇಂಚು ನಿಲ್ಲಿಸಿದೆವು. ರಾತ್ರಿಯಿಡೀ ಹಾಗೇ ಬಿಟ್ಟರೂ ಗೋಡೆಯಲ್ಲಿ ಬಣ್ಣ ಕಾಣಲಿಲ್ಲ. ಬಟ್ಟೆ ತೆಗೆದು ಅದೇ ನೀರನ್ನು ಟ್ರ್ಯಾಪಿಗೆ ಬಿಟ್ಟ ಮೇಲೆ ಮೂಲೆಯಲ್ಲಿ ಬಣ್ಣದ ಕಲೆ ಮೂಡಿತು. ಅಂದ್ರೆ ನೆಲದ ಟೈಲ್ಸ್ ಸರಿಯಿತ್ತು, ಟ್ರ್ಯಾಪು ಮತ್ತು ಪೈಪು ಕೂಡುವ ಜಾಗ ಸೋರುತ್ತಿತ್ತು. ಪ್ಲಂಬರ್ ಅಷ್ಟೇ ಅಗೆದು ಟ್ರ್ಯಾಪ್ ಬದಲಿಸಿ ಕೊಟ್ಟ. ಪೂರ್ತಿ ಬಚ್ಚಲು ಒಡೆಯೋ ಖರ್ಚು ಉಳೀತು.

ಆಮೇಲೆ ಗೌಂಡಿ ಹಸಿ ಗುರುತಿಗಿಂತ ಒಂದು ಅಡಿ ಮೇಲಿನವರೆಗೂ ಗಿಲಾವು ಕೆತ್ತಿ ತೆಗೆದ. ಇಟ್ಟಿಗೆ ಸಂದಿಗಳನ್ನು ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿದೆವು. ತುಂಬಾ ಜನ ಇಲ್ಲಿ ನೀರು ಹಾಕಿ ತೊಳೀತಾರೆ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆ ಒಳಗೇ ಹೋಗುತ್ತದೆ. ಹೊಸ ಗಿಲಾವಿಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ತೊಳೆದ ಉಸುಕು. ಹಳ್ಳದ ಮಣ್ಣು ಮಿಶ್ರ ಉಸುಕು ಬೇಡವೇ ಬೇಡ ಅಂತ ಹೇಳಿದ್ದೆ. ಏಳು ದಿನ ನೀರುಣಿಸಿದ ಮೇಲೆ ಒಂದು ತಿಂಗಳು ಹಾಗೇ ಬಿಟ್ಟೆವು. ದೀಪಾವಳಿ ಮುಗಿದ ಮೇಲಿನ ಒಣ ಹವಾ ನಮ್ಮ ಕಡೆ ಈ ಕೆಲಸಕ್ಕೆ ಸರಿ. ಧಾರವಾಡದ ಜುಲೈ ಮಳೆಯಲ್ಲಿ ಒಂದು ತಿಂಗಳು ಬಿಟ್ಟರೂ ಗಿಲಾವು ಆರುತ್ತದೆ ಅಂತ ಹೇಳಲಾಗದು.

ಈ ಹೊತ್ತಿಗೆ ಅಕ್ಕನಿಗೆ ತಾಳ್ಮೆ ಮುಗಿದಿತ್ತು. "ತಮ್ಮಾ, ಒಣಗೇತಲ್ಲೋ, ಕೈ ಹಚ್ಚಿ ನೋಡು, ಇನ್ನೂ ಯಾಕ ಕಾಯೋದು?" ಅಂದಳು.

"ಅಕ್ಕಾ, ಕೈಗೆ ಮ್ಯಾಲಿಂದಷ್ಟ ತಿಳೀತದ. ಪ್ಲಾಸ್ಟಿಕ್ ಹಚ್ಚಿ ನೋಡೂಣು" ಅಂದೆ.

ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಒಂದೂವರೆ ಅಡಿ ಚೌಕ ಕತ್ತರಿಸಿ, ಗಾಳಿ ಹೋಗದ ಹಾಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಬೇಕು. ಗೋಡೆ ಕಡೆಯ ಮೈಯಲ್ಲಿ ಹನಿ ಕೂತರೆ, ಅಥವಾ ಹಾಳೆ ಕೆಳಗಿನ ಗಿಲಾವು ಸುತ್ತಲಿನದಕ್ಕಿಂತ ಕಪ್ಪಾದರೆ, ಒಳಗೆ ಇನ್ನೂ ನೀರಿದೆ. ಮೊದಲ ಸಲ ಹಾಳೆಯ ಕೆಳಗಿನ ಅಂಚಿನಲ್ಲಿ ಮಂಜು ಹಿಡಿದಂತೆ ಸಣ್ಣ ಹನಿಗಳಿದ್ದವು. ಅಕ್ಕನೇ ಬೆರಳು ಆಡಿಸಿ ನೋಡಿ ಸುಮ್ಮನಾದಳು. ಕಿಟಕಿ ತೆಗೆದು ಫ್ಯಾನ್ ಹಾಕಿ ಇನ್ನಷ್ಟು ಬಿಟ್ಟು, ಹಾಳೆ ಪೂರ್ತಿ ಒಣಗಿ ಬಂದ ಮೇಲೇ ಪುಟ್ಟಿ ಕಲಸಿದ್ದು.

ಗೋಡೆ 10 ಅಡಿ ಅಗಲ, 10 ಅಡಿ ಎತ್ತರ. ಉಳಿದ ಭಾಗದ ಪೇಂಟ್, ಅಕ್ರಿಲಿಕ್ ಪುಟ್ಟಿ ಎಲ್ಲಾ ಕೆರೆದು ಗಿಲಾವು ಕಾಣುವ ಹಾಗೆ ಮಾಡಿದೆವು. ಇದು ಬಹಳ ಮುಖ್ಯ. ಸಿಮೆಂಟ್ ಪುಟ್ಟಿಗೆ ಬರಿ ಗಿಲಾವು ಬೇಕು. ಹಳೆ ಪೇಂಟ್ ಮೇಲೆ, ಪ್ರೈಮರ್ ಮೇಲೆ ಹಚ್ಚಿದರೆ ಹಿಡಿಯೋದಿಲ್ಲ, ಆಮೇಲೆ ಹಪ್ಪಳ ಎದ್ದು ಬರುತ್ತದೆ. ಹಚ್ಚೋ ಮುಂಚೆ ಗೋಡೆಗೆ ಸ್ವಲ್ಪ ನೀರು ಚಿಮುಕಿಸಬೇಕು, ಹರಿಯುವಷ್ಟಲ್ಲ. ಅಷ್ಟು ದಿನ ಒಣಗಿಸಿ ಈಗ ನೀರು ಯಾಕೆ ಅಂತೀರಾ? ಒಣ ಗಿಲಾವು ಪುಟ್ಟಿಯ ನೀರನ್ನು ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗೋಕೆ ನೀರೇ ಉಳಿಯೋದಿಲ್ಲ, ಕೈ ಆಡಿಸಿದರೆ ಪುಡಿ ಬರುತ್ತದೆ. ಮೇಲೆ ಚಿಮುಕಿಸಿದ ನೀರು ಬೇಗ ಆರಿ ಹೋಗುತ್ತದೆ. ತೊಂದರೆ ಕೊಡೋದು ಹಿಂದಿನಿಂದ ದಿನಾ ಬರುವ ನೀರು.

ಈ ಗೋಡೆಗೆ 10 ಕಿಲೋ ಪುಟ್ಟಿ ಹಿಡೀತು, ಅದಕ್ಕೆ ನೀರು ಹೆಚ್ಚುಕಡಿಮೆ 4 ಲೀಟರ್. ಕಲಸಿದ್ದನ್ನು ಎರಡು-ಮೂರು ತಾಸಿನಲ್ಲಿ ಮುಗಿಸಬೇಕು, ಬಿಗಿಯಾದ ಮೇಲೆ ಮತ್ತೆ ನೀರು ಹಾಕಿ ಸಡಿಲ ಮಾಡಬಾರದು. ಹಾಗಾಗಿ ಅರ್ಧರ್ಧ ಕಲಸಿದೆವು. ಎರಡು ಕೋಟ್, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಗೋಡೆಯ ತಗ್ಗುದಿಣ್ಣೆಯನ್ನು ಪುಟ್ಟಿಯಲ್ಲೇ ತುಂಬೋರು ಇದ್ದಾರೆ, ಅದು ಗೌಂಡಿಯ ಕೆಲಸ. ದಪ್ಪ ಪುಟ್ಟಿ ಬಿರುಕು ಬಿಡುತ್ತದೆ.

ಇನ್ನು ಪ್ರೈಮರ್. ಅಂಗಡಿಯಲ್ಲಿ ಗೋಡೆಗೆ ಪ್ರೈಮರ್ ಕೇಳಿದರೆ ಎರಡು ಥರ ತೋರಿಸುತ್ತಾರೆ, ನೀರು ಬೆರೆಸೋದು ಒಂದು, ಟರ್ಪೆಂಟೈನ್ ಬೆರೆಸೋ ಎಣ್ಣೆ ಪ್ರೈಮರ್ ಇನ್ನೊಂದು. ಎಣ್ಣೆದು ಹಚ್ಚಿದರೆ ಹಸಿ ಬರೋದಿಲ್ಲ ಅಂತ ನಮ್ಮ ಪೇಂಟರ್ ಹುಡುಗರೇ ಹೇಳ್ತಾರೆ. ನಾನು ಒಪ್ಪೋದಿಲ್ಲ. ಹೊಸ ಸಿಮೆಂಟ್ ಗಿಲಾವು, ಸಿಮೆಂಟ್ ಪುಟ್ಟಿ ಎರಡರಲ್ಲೂ ಕ್ಷಾರ ಜಾಸ್ತಿ. ಸ್ವಲ್ಪ ಹಸಿ ಸಿಕ್ಕರೂ ಆ ಕ್ಷಾರ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ. ಸಾಬೂನು ತಯಾರಾಗೋದೂ ಹೀಗೇ ಅಲ್ವಾ, ಎಣ್ಣೆಗೆ ಕ್ಷಾರ ಸೇರಿಸಿ. ಪದರ ಅಂಟಂಟಾಗಿ, ಹಳದಿಯಾಗಿ, ಸುಲಿದು ಬರುತ್ತದೆ. ಅದಕ್ಕೇ ನೀರು ಬೆರೆಸುವ ಅಕ್ರಿಲಿಕ್ ಪ್ರೈಮರ್, ಡಬ್ಬದ ಮೇಲೆ ಕ್ಷಾರ ತಡೆಯುತ್ತದೆ ಅಂತ ಬರೆದಿರೋದನ್ನೇ ತಂದೆ. ಪುಟ್ಟಿ ಉಜ್ಜಿ, ಧೂಳು ಒರೆಸಿ, ಒಂದು ವಾರ ಬಿಟ್ಟು ಒಂದು ಕೋಟ್ ಹಚ್ಚಿದೆವು. ಮೇಲೆ ಹೊಳಪು ಕಡಿಮೆ ಇರುವ ಎಮಲ್ಷನ್. ಹೊಳಪು ಜಾಸ್ತಿ ಇರೋದು ಗೋಡೆಯ ಉಸಿರು ಕಟ್ಟಿಸುತ್ತದೆ.

ಅದೇ ಕೋಣೆಯ ಉಳಿದ ಮೂರು ಗೋಡೆಗೆ ಅಕ್ರಿಲಿಕ್ ಪುಟ್ಟಿಯನ್ನೇ ಹಾಕಿದೆ. ಅಲ್ಲಿ ಹಸಿ ಇರಲಿಲ್ಲ, ಹಳೆ ಪೇಂಟ್ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲಾ ಕೆರೆದು ಸಿಮೆಂಟ್ ಪುಟ್ಟಿ ಹಚ್ಚೋದು ಬೇಡದ ಖರ್ಚು. ಪೇಂಟನ್ನು ಪೇಪರ್‌ನಿಂದ ಉಜ್ಜಿ, ಒಂದು ಕೈ ಪ್ರೈಮರ್, ಗೀರು-ಮೊಳೆ ತೂತು ಇದ್ದಲ್ಲಿ ಪುಟ್ಟಿ, ಮತ್ತೆ ಪ್ರೈಮರ್. ಅಕ್ರಿಲಿಕ್ ಪುಟ್ಟಿಗೆ ಕೆಳಗೂ ಪ್ರೈಮರ್ ಬೇಕು, ಸಿಮೆಂಟ್ ಪುಟ್ಟಿಗೆ ಮೇಲೆ ಮಾತ್ರ.

ಹಿಂದಿನ ಕಲ್ಲಿನ ಗೋಡೆಯದ್ದು ಬೇರೆ ಕಥೆ. ಅಲ್ಲಿ ಕಲೆ ಒಂದು ಮೂಲೆಯಲ್ಲಿ ಇರಲಿಲ್ಲ. ಗೋಡೆ ಉದ್ದಕ್ಕೂ ಮೂರು ಅಡಿ ಎತ್ತರದಲ್ಲಿ ಗೆರೆ ಎಳೆದ ಹಾಗಿತ್ತು. ನೆಲದ ನೀರು ಮೇಲೇರುವ ಗುರುತು ಅದು. ಬುನಾದಿ ಮೇಲೆ ಹಸಿ ತಡೆಯುವ ಪದರ ಇಲ್ಲದ ಗೋಡೆ. ಹಿತ್ತಲಿನ ಮಣ್ಣು ವರ್ಷಗಳಿಂದ ಬಿದ್ದು ಬಿದ್ದು ಒಳಗಿನ ನೆಲಕ್ಕಿಂತ ಮೇಲೆ ಬಂದಿತ್ತು. ಮಧ್ಯದಲ್ಲಿ ಯಾರೋ ಒಳಗಡೆ ಸಿಮೆಂಟ್ ಗಿಲಾವು ಮಾಡಿದ್ದರು, ಅದರ ಹಿಂದೆ ಹಸಿ ಸಿಕ್ಕಿಹಾಕಿಕೊಂಡು ಇನ್ನೂ ಮೇಲೇರಿತ್ತು. ಇಂಥ ಗೋಡೆಗೆ ಯಾವ ಪುಟ್ಟಿ ಅಂದ್ರೆ, ಯಾವುದೂ ಬೇಡ. ಹಸಿ ತಡೆಯುವ ವಿಶೇಷ ಪ್ರೈಮರ್ ಬಳಿದರೂ ನೀರು ಅದನ್ನು ಸುತ್ತಿಕೊಂಡು ಮೇಲಿನಿಂದ ಹೊರಬರುತ್ತದೆ.

ಹಿತ್ತಲ ಮಣ್ಣು ತಗ್ಗಿಸಿ, ಮಳೆನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಕೊಟ್ಟೆವು. ಒಳಗೆ ನಾಲ್ಕು ಅಡಿವರೆಗೆ ಸಿಮೆಂಟ್ ಗಿಲಾವು ತೆಗೆದು ಸುಣ್ಣದ ಗಿಲಾವು ಮಾಡಿಸಿ, ಮೇಲೆ ಬರೀ ಸುಣ್ಣ ಬಳಿದೆವು. ಸುಣ್ಣ ಹಸಿಯನ್ನು ಹೊರಗೆ ಆರಲು ಬಿಡುತ್ತದೆ. ನಾಲ್ಕು ಅಡಿ ಮೇಲೆ ಒಣ ಗಿಲಾವಿಗೆ ಸಿಮೆಂಟ್ ಪುಟ್ಟಿ, ಪ್ರೈಮರ್, ಪೇಂಟ್. ಎರಡೂ ಕೂಡುವಲ್ಲಿ ಒಂದು ಬಣ್ಣದ ಪಟ್ಟೆ. ನುಣುಪು ಬರಲಿಲ್ಲ ಅಂತ ಅಕ್ಕನಿಗೆ ಮೊದಮೊದಲು ಬೇಸರವಿತ್ತು.

ಮುಂದಿನ ಮಳೆಗಾಲದಲ್ಲಿ ಹೋಗಿ ನೋಡಿದೆ. ಬಚ್ಚಲ ಗೋಡೆಯಲ್ಲಿ ಗುಳ್ಳೆ ಇಲ್ಲ, ಬೆರಳಿನಿಂದ ತಟ್ಟಿದರೆ ಎಲ್ಲೂ ಪೊಳ್ಳು ಸದ್ದಿಲ್ಲ. ಕಲ್ಲಿನ ಗೋಡೆಯ ಕೆಳಗೆ ಒಂದಿಷ್ಟು ಉಪ್ಪು ಮೂಡಿತ್ತು. ಅದನ್ನು ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ ತೆಗೆಯೋಕೆ ಹೇಳಿ ಬಂದೆ. ದೀಪಾವಳಿಗೆ ಒಂದು ಕೈ ಸುಣ್ಣ ಹೊಡೆದರೆ ಸಾಕು, ಪ್ರತಿ ವರ್ಷ ಅಷ್ಟು ಕೆಲಸ ಆ ಗೋಡೆಗೆ ಇದ್ದೇ ಇರುತ್ತದೆ.